ತೋಡಿನ ನೀರನ್ನು ಅಳೆಯಲು ಹೋಗಿ 0.76 ಸಿಕ್ಕಿದ್ದು

ವಿರಾಜಪೇಟೆಯ ಕಡೆ ನಮ್ಮ ರೊಬಸ್ಟಾ ತೋಟದ ತಗ್ಗಿನಲ್ಲಿ ಒಂದು ತೋಡು ಹರಿಯುತ್ತದೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ನೀರೆತ್ತುವುದು ಇದರಿಂದಲೇ. ಕೆಳಗಿನ ಎರಡು ತೋಟಗಳೂ ಇದನ್ನೇ ನಂಬಿರುವುದರಿಂದ, ನಾವು ಎಷ್ಟು ಎತ್ತಬಹುದು, ಎಷ್ಟು ಬಿಡಬೇಕು ಎಂಬ ಮಾತು ಪ್ರತಿ ಬೇಸಗೆಯಲ್ಲೂ ಏಳುತ್ತಿತ್ತು. ಸಿವಿಲ್ ಓದಿದವನಾದ ನಾನು ಈ ಮಾತನ್ನು ಅಂದಾಜಿಗೆ ಬಿಡುವುದು ಸರಿಯಲ್ಲವೆನಿಸಿ, ಜನವರಿಯ ಮೊದಲ ವಾರದಲ್ಲಿ ತೋಡಿಗೆ ಅಡ್ಡಲಾಗಿ ತೆಳು ಅಂಚಿನ ಆಯತಾಕಾರದ ಒಡ್ಡೊಂದನ್ನು, ಅಂದರೆ ನಾವು ಪಾಠದಲ್ಲಿ ರೆಕ್ಟಾಂಗ್ಯುಲರ್ ನಾಚ್ ಎಂದು ಓದುವುದನ್ನು, ನಿಲ್ಲಿಸಿದೆ.

ಜಾಗವನ್ನು ಆರಿಸಿದ್ದು ಒಂದೇ ಕಾರಣಕ್ಕೆ: ಅಲ್ಲಿ ಬಂಡೆಯ ಮೇಲಿಂದ ನೀರು ನಾಲ್ಕಡಿ ಧುಮುಕುತ್ತದೆ, ಕೆಳಗೆ ಬ್ಯಾರೆಲ್ ಇಟ್ಟು ನೀರನ್ನು ಹಿಡಿಯಬಹುದು. ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನಲ್ಲಿ 30 ಸೆಂ.ಮೀ. ಅಗಲದ ಕಿಂಡಿ ಕೊಯ್ಸಿ, ಅದರ ಅಂಚನ್ನು ನೀರು ಬರುವ ಕಡೆ ನೇರವಾಗಿ ಉಳಿಸಿ, ನೀರು ಬೀಳುವ ಕಡೆ ಅರದಿಂದ ಓರೆಯಾಗಿ ಉಜ್ಜಿ, ಒಂದೂವರೆ ಮಿಲಿಮೀಟರಿಗೆ ಇಳಿಸಿದೆ. ಹಿಂದಿನ ಗುಂಡಿಯ ತಳದಿಂದ ಅಂಚಿನ ಎತ್ತರ 25 ಸೆಂ.ಮೀ., ಗುಂಡಿಯ ಅಗಲ 1.2 ಮೀಟರ್. ಇಷ್ಟು ಅಗಲವಿದ್ದುದರಿಂದ ನೀರು ಅಂಚಿನತ್ತ ಸೆಕೆಂಡಿಗೆ ಮೂರು ಸೆಂ.ಮೀ.ಗಿಂತ ವೇಗವಾಗಿ ಬರುತ್ತಿರಲಿಲ್ಲ. ಆ ವೇಗವನ್ನು ಲೆಕ್ಕದಿಂದ ಬಿಟ್ಟುಬಿಡಬಹುದು.

ಬಳಸುವ ಸೂತ್ರ ಹೀಗಿದೆ:

```
Q = (2/3) × Cd × b × √(2g) × h^1.5
```

ಇದರಲ್ಲಿ Q ಸೆಕೆಂಡಿಗೆ ಹರಿಯುವ ನೀರು, g ಗುರುತ್ವ ವೇಗೋತ್ಕರ್ಷ, b ಕಿಂಡಿಯ ಅಗಲ, h ಅಂಚಿನ ಮಟ್ಟದಿಂದ ಮೇಲಕ್ಕೆ ನಿಂತ ನೀರಿನ ಎತ್ತರ, ಎಂದರೆ ಹೆಡ್. ಮೇಲ್ಮೈಯಿಂದ y ಆಳದಲ್ಲಿರುವ ನೀರು √(2gy) ವೇಗದಿಂದ ಹೊರಬೀಳುತ್ತದೆ ಎಂದು ಇಟ್ಟುಕೊಂಡರೆ, ಮೇಲೆ ವೇಗ ಸೊನ್ನೆ, ಅಂಚಿನ ಬಳಿ ಅತಿ ಹೆಚ್ಚು. ಸರಾಸರಿ ವೇಗ ಆ ಅತಿ ಹೆಚ್ಚಿನ ಮೂರನೇ ಎರಡರಷ್ಟು. ಸೂತ್ರದ 2/3 ಬಂದದ್ದು ಅಲ್ಲಿಂದ. ಅದಕ್ಕೆ ಗುಣಿಸಿದ Cd ವಿಸರ್ಜನಾ ಗುಣಾಂಕ, ಎಂದರೆ ಲೆಕ್ಕದ ನೀರಿನಲ್ಲಿ ನಿಜವಾಗಿ ಹರಿಯುವ ಪಾಲು.

ಬ್ಯಾರೆಲ್ಲಿಗೆ ಹತ್ತು ಲೀಟರಿನ ಬಕೆಟ್ಟಿನಿಂದ ಇಪ್ಪತ್ತು ಸಲ ನೀರು ಸುರಿದು 200 ಲೀಟರಿನ ಗುರುತು ಹಾಕಿದೆ. ಧುಮುಕುವ ನೀರಿನ ಹಾಳೆಯನ್ನು ಜಿಂಕ್ ಶೀಟಿನ ದೋಣಿಯಿಂದ ಒಮ್ಮೆಲೆ ಬ್ಯಾರೆಲ್ಲಿಗೆ ತಿರುಗಿಸುವ ಕೆಲಸ ಮೇಸ್ತ್ರಿಯವರದು, ಗಡಿಯಾರ ನನ್ನದು. ಮೂರು ಸಲ ಹಿಡಿದಾಗ 16.4, 16.9, 16.6 ಸೆಕೆಂಡು ಬಂತು. ಅಂದರೆ ಸೆಕೆಂಡಿಗೆ 12 ಲೀಟರ್. ಇನ್ನು ಕಿಂಡಿಯ ಪಕ್ಕಕ್ಕೇ ಅಂಟಿಸಿದ್ದ ಸ್ಕೇಲಿನಲ್ಲಿ ಹೆಡ್ ನೋಡಿದರೆ 6.8 ಸೆಂ.ಮೀ. ಆ ಹೆಡ್‌ಗೆ Cd ಇಲ್ಲದೆ ಸೂತ್ರ ಕೊಡುವುದು 15.7 ಲೀಟರ್. ಹನ್ನೆರಡನ್ನು ಅದರಿಂದ ಭಾಗಿಸಿದಾಗ Cd 0.76 ಆಯಿತು.

ನಾನು ಮೊದಲು ಹಿಗ್ಗಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಪುಸ್ತಕದ 0.6ಕ್ಕಿಂತ ನಮ್ಮ ತಗಡು ಚೆನ್ನಾಗಿದೆ, ನಯವಾಗಿ ಉಜ್ಜಿದ್ದರಿಂದ ನಷ್ಟ ಕಡಿಮೆಯಾಗಿದೆ ಎಂದುಕೊಂಡಿದ್ದೆ. ಗುಣಾಂಕವನ್ನು ಪಂಪಿನ ದಕ್ಷತೆಯಂತೆ ಓದುವುದರಿಂದ ಆಗುವ ತಪ್ಪು ಇದು. ತೆಳು ಅಂಚಿನ ಒಡ್ಡಿನಲ್ಲಿ ನೀರು ಲೋಹಕ್ಕೆ ತಾಗುವುದೇ ಒಂದು ಗೆರೆಯಷ್ಟು ಜಾಗದಲ್ಲಿ. ಅಲ್ಲಿ ಘರ್ಷಣೆಗೆ ಕಳೆದುಹೋಗುವುದು ಅತ್ಯಲ್ಪ. ನೂರರಲ್ಲಿ ನಲವತ್ತು ಪಾಲು ಕಡಿಮೆಯಾಗುವುದು ನೀರಿನ ಹಾಳೆಯ ಆಕಾರದಿಂದ.

ಆ ಆಕಾರವನ್ನು ತೋಡಿನ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ನೋಡಿದರೆ ಕಾಣುತ್ತದೆ. ಗುಂಡಿಯ ತಳದ ನೀರು ತಗಡಿನ ಗುಂಟ ಮೇಲಕ್ಕೇರಿ ಬರುವುದರಿಂದ ಅಂಚಿನಲ್ಲಿ ತಟಕ್ಕನೆ ತಿರುಗಲಾರದು; ಅಂಚನ್ನು ದಾಟಿ ಒಂದಿಷ್ಟು ಮೇಲಕ್ಕೆ ಹಾರಿಯೇ ಅದು ಬಾಗುತ್ತದೆ. ಹಾಳೆಯ ಕೆಳಮೈ ಹೀಗೆ ಹೆಡ್‌ನ ಸುಮಾರು ಹತ್ತನೇ ಒಂದು ಪಾಲಿನಷ್ಟು ಏಳುತ್ತದೆ. ಮೇಲ್ಮೈ ಅಂಚನ್ನು ತಲುಪುವ ಮೊದಲೇ ಇಳಿಯತೊಡಗಿ, ಅಂಚಿನ ನೇರಕ್ಕೆ ಬರುವಷ್ಟರಲ್ಲಿ ಹೆಡ್‌ನ ನೂರರಲ್ಲಿ ಸುಮಾರು 85 ಪಾಲಷ್ಟೇ ಉಳಿದಿರುತ್ತದೆ. ಎರಡು ಪಕ್ಕಗಳಿಂದಲೂ ನೀರು ಒಳಕ್ಕೆ ಬಾಗುತ್ತದೆ. 1850ರ ದಶಕದಲ್ಲಿ ಅಮೆರಿಕದ ಲೋವೆಲ್‌ನಲ್ಲಿ ಪ್ರಯೋಗಿಸಿದ ಫ್ರಾನ್ಸಿಸ್, ಇದಕ್ಕಾಗಿ ಪ್ರತಿ ಪಕ್ಕಕ್ಕೂ ಹೆಡ್‌ನ ಹತ್ತನೇ ಒಂದನ್ನು ಅಗಲದಿಂದ ಕಳೆಯುತ್ತಿದ್ದರು. ಸೂತ್ರ ಹುಟ್ಟಿಸುವಾಗ ನಾವು ಈ ಯಾವ ಬಾಗುವಿಕೆಯನ್ನೂ ಎಣಿಸದೆ, ನೀರು h ಎತ್ತರದ ಪೂರ್ತಿ ಚೌಕಟ್ಟಿನಿಂದ ನೇರವಾಗಿ ಹೊರಬರುತ್ತದೆ ಎಂದುಕೊಂಡಿರುತ್ತೇವೆ. ಆ ಕಲ್ಪನೆಗೂ ನಿಜಕ್ಕೂ ಇರುವ ಅಂತರವನ್ನು ಒಂದೇ ಅಂಕಿಯಲ್ಲಿ ಹಿಡಿದಿಡುವುದೇ Cd. ಆಕಾರ ಸರಿಯಾಗಿದ್ದರೆ ಅದು 0.6ರ ಅಕ್ಕಪಕ್ಕ ಬಂದೇ ಬರಬೇಕು. ಬರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು.

ನನ್ನ ಸ್ಕೇಲು ಇದ್ದದ್ದು ಮೇಲ್ಮೈ ಇಳಿದುಬಿಟ್ಟ ಜಾಗದಲ್ಲಿ. ಹೆಡ್‌ನ ಮೂರು ನಾಲ್ಕು ಪಟ್ಟು ದೂರ ಹಿಂದಕ್ಕೆ, ಅಂದರೆ ಅಂಚಿನಿಂದ 30 ಸೆಂ.ಮೀ. ಹಿಂದೆ, ಒಂದು ಗೂಟಕ್ಕೆ ಸ್ಕೇಲನ್ನು ಕಟ್ಟಿದೆ. ಅದರ ಸೊನ್ನೆಯನ್ನು ಮೇಸ್ತ್ರಿಗಳು ಗೋಡೆ ಕಟ್ಟುವಾಗ ಬಳಸುವ ಟ್ಯೂಬ್ ಲೆವೆಲ್‌ನಿಂದ ಅಂಚಿನ ಮಟ್ಟಕ್ಕೆ ಕೂರಿಸಬೇಕು. ಕಿಂಡಿಯಲ್ಲಿ ಹರಿವು ನಿಂತಾಗಿನ ನೀರಿನ ಮಟ್ಟವೇ ಸೊನ್ನೆ ಎಂದು ಹಿಡಿಯಬಾರದು, ಏಕೆಂದರೆ ನೀರು ಅಂಚಿನ ಮೇಲೆ ಕೆಲವು ಮಿಲಿಮೀಟರ್ ಉಬ್ಬಿ ನಿಂತೂ ಹರಿಯದೆ ಇರುತ್ತದೆ. ಎಂಟು ಸೆಂ.ಮೀ. ಹೆಡ್‌ನಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಲೆಕ್ಕ ಶೇಕಡ ನಾಲ್ಕರ ಹತ್ತಿರ ತಪ್ಪುತ್ತದೆ.

ಹೊಸ ಜಾಗದಲ್ಲಿ ಸ್ಕೇಲು 8.0 ಸೆಂ.ಮೀ. ತೋರಿಸಿತು. ಆ ಹೆಡ್‌ಗೆ ಸೂತ್ರ 20 ಲೀಟರ್ ಕೊಡುತ್ತದೆ, ಬ್ಯಾರೆಲ್ ಹೇಳಿದ್ದು 12. ಹಾಗಾಗಿ Cd 0.60. ಅಲ್ಲಿಂದ ಮುಂದೆ ಬ್ಯಾರೆಲ್ ಬೇಕಾಗಲಿಲ್ಲ. ರೈಟರ್ ದಿನವೂ ಬೆಳಿಗ್ಗೆ ಸ್ಕೇಲು ನೋಡಿ ಬರೆದಿಡುತ್ತಿದ್ದರು.

ಮಾರ್ಚಿನಲ್ಲಿ ಹೆಡ್ ಎರಡು ಸೆಂ.ಮೀ.ಗೆ ಇಳಿಯಿತು. ಅದಕ್ಕೆ 0.60 ಹಾಕಿದರೆ ಒಂದೂವರೆ ಲೀಟರ್. ಆದರೆ ಮೇಸ್ತ್ರಿ ಬಂದು, "ನೀರು ಮೊದಲಿನ ಹಾಗೆ ಹಾರ್ತಾ ಇಲ್ಲ ಸಾರ್, ತಗಡನ್ನೇ ನೆಕ್ಕಿಕೊಂಡು ಇಳೀತಾ ಇದೆ" ಎಂದರು. ಹೋಗಿ ನೋಡಿದರೆ ನಿಜ. ಹಾಳೆಗೂ ತಗಡಿಗೂ ನಡುವೆ ಇರಬೇಕಾದ ಗಾಳಿಯ ಸಂದು ಇರಲಿಲ್ಲ. ಗಾಳಿಯಿಲ್ಲದೆ ಅಂಟಿಕೊಂಡ ಹಾಳೆಯ ಅಡಿಯಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ, ಅದು ನೀರನ್ನು ಕೆಳಕ್ಕೆ ಸೆಳೆಯುತ್ತದೆ. ಕೆಳಮೈ ಏಳುವುದಿಲ್ಲ, ಅದೇ ಹೆಡ್‌ಗೆ ಹೆಚ್ಚು ನೀರು ಹೋಗುತ್ತದೆ. ಬ್ಯಾರೆಲ್ ಮತ್ತೆ ಇಟ್ಟು ನೋಡಿದಾಗ 200 ಲೀಟರ್ ತುಂಬಲು 114 ಸೆಕೆಂಡು ಹಿಡಿಯಿತು, ಅಂದರೆ 1.75 ಲೀಟರ್, Cd 0.70. ಮೂರು ಸೆಂ.ಮೀ.ಗಿಂತ ಕಡಿಮೆ ಹೆಡ್‌ನಲ್ಲಿ ಈ ಒಡ್ಡನ್ನು ನಂಬಬಾರದು ಎನ್ನುವುದು ಇದಕ್ಕಾಗಿಯೇ. ಆ 0.70ನ್ನೇ ಮುಂದೆ ಬಳಸೋಣವೆಂದರೆ ಅದೂ ಆಗದು. ಹಾಳೆ ಒಮ್ಮೆ ಅಂಟುತ್ತದೆ, ಒಮ್ಮೆ ಬಿಡುತ್ತದೆ, ಗುಣಾಂಕವೂ ಅದರ ಜೊತೆಗೇ ಹಾರಾಡುತ್ತದೆ.

ಕಿಂಡಿಗೆ ಇನ್ನೊಂದು ತಗಡನ್ನು ಬೋಲ್ಟ್ ಹಾಕಿ ಅಗಲವನ್ನು 15 ಸೆಂ.ಮೀ.ಗೆ ಇಳಿಸಿದೆ. ಗುಂಡಿಯ ಮಟ್ಟ ಏರಿ ನಿಲ್ಲಲು ಸ್ವಲ್ಪ ಹೊತ್ತು ಕಾಯಬೇಕಾಯಿತು. ಹೆಡ್ 3.5 ಸೆಂ.ಮೀ.ಗೆ ಬಂದಾಗ ಹಾಳೆ ತಗಡನ್ನು ಬಿಟ್ಟು ಮೊದಲಿನಂತೆ ಹಾರಿತು, ಬೆರಳನ್ನು ಅದರ ಹಿಂದೆ ಒಣಗಿದ್ದಂತೆಯೇ ತೂರಿಸಬಹುದಿತ್ತು. Cd ಮರಳಿ 0.60. ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಬರುತ್ತಿದ್ದ ಆ ತೋಡಿನಿಂದ ರಾತ್ರಿಯ ನೀರನ್ನಷ್ಟೇ ಕೆರೆಗೆ ತುಂಬಿಸಿಕೊಂಡು, ಹಗಲಿನದನ್ನು ಕೆಳಗಿನ ತೋಟಗಳಿಗೆ ಬಿಟ್ಟೆವು.