80 ಡಿಗ್ರಿಯಲ್ಲೂ ಬಾಗದ ಪಿಎಲ್‌ಎ ಬ್ರಾಕೆಟ್: ನನ್ನ ಅನುಭವ

ಬಿಸಿಗಾಳಿ ಬೀಸುವ ಜಾಗಕ್ಕೆ, 3ಡಿ ಪ್ರಿಂಟರ್‌ಗಳಲ್ಲಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್‌ನ ಬ್ರಾಕೆಟ್ ಹಾಕುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. "ಪಾಲಿಕಾರ್ಬೊನೇಟ್‌ನಲ್ಲಿ ಮಾಡು, ಇಲ್ಲಾಂದ್ರೆ ಬಿಡು" ಅಂದರು. ಅದಕ್ಕೆ ಫಿಲಮೆಂಟ್ ದುಬಾರಿ, ಮೇಲೆ ಮುಚ್ಚಿದ ಚೇಂಬರ್ ಇರುವ ಪ್ರಿಂಟರ್ ಬೇರೆ ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಆ ಬ್ರಾಕೆಟ್ ಈಗ ಎಂಟು ತಿಂಗಳಿಂದ 80 ಡಿಗ್ರಿ ಆಸುಪಾಸಿನ ಗಾಳಿಯಲ್ಲಿ ಫ್ಯಾನ್ ಹೊತ್ತು ನಿಂತಿದೆ.

ಮೊದಲನೆಯದು ಅರ್ಧ ಗಂಟೆಯೂ ನಿಲ್ಲಲಿಲ್ಲ. ಸ್ಪೂಲ್ ಮೇಲೆ ಕರಗುವ ತಾಪಮಾನ 160ರ ಹತ್ತಿರ ಅಂತ ಇತ್ತು, ನಾನು ಅದನ್ನೇ ನಂಬಿದ್ದೆ. ಆದರೆ ಅದು ಹರಳುಗಳು ಕರಗುವ ಲೆಕ್ಕ. ನಾಝಲ್‌ನಿಂದ ಬಂದ ಪಿಎಲ್‌ಎ ಬೇಗ ತಣಿದುಬಿಡುತ್ತದೆ, ಹರಳು ಕಟ್ಟಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹರಳೇ ಇಲ್ಲದಿದ್ದರೆ 160 ಇದ್ದೂ ಏನು ಪ್ರಯೋಜನ? ಆಗ ಲೆಕ್ಕಕ್ಕೆ ಬರುವುದು ಗ್ಲಾಸ್ ಟ್ರಾನ್ಸಿಷನ್ ಮಾತ್ರ, ಅಂದರೆ ಹರಳಿಲ್ಲದ ಪ್ಲಾಸ್ಟಿಕ್ ಮೆತ್ತಗಾಗುವ ತಾಪಮಾನ, ಅದು 60ರ ಆಸುಪಾಸು. ಅಲ್ಲಿಂದ ಮೇಲೆ ಅದು ರಬ್ಬರ್.

ಹಾಗಾದರೆ ಓವನ್‌ನಲ್ಲಿಟ್ಟು ಹರಳು ಕಟ್ಟಿಸೋಣ ಅಂತ ಹೊರಟೆ. ಮೊದಲು 70ರಲ್ಲಿ ಒಂದು ಗಂಟೆ ಇಟ್ಟೆ. ಬ್ರಾಕೆಟ್ ಸೊಟ್ಟಗಾಯಿತು, ಹರಳು ಮಾತ್ರ ಕಟ್ಟಲಿಲ್ಲ. ಅಷ್ಟು ಕಡಿಮೆ ಬಿಸಿಯಲ್ಲಿ ಪಿಎಲ್‌ಎಯ ಅಣು ಸರಪಳಿಗಳು ತುಂಬಾ ನಿಧಾನ. ಪಿಎಲ್‌ಎ ಜೋರಾಗಿ ಹರಳುಗಟ್ಟುವುದು 100-110ರಲ್ಲಿ. ನೇರ 110ಕ್ಕೆ ಹಾಕಿದೆ, ಆಗ ಹರಳು ಕಟ್ಟುವ ಮೊದಲೇ ಕುಸಿದು ಕೂತಿತು. ಹೀಗೆ ಸುಮಾರು ಒಂದೂವರೆ ಸ್ಪೂಲ್ ಕಸಕ್ಕೆ ಹೋಯಿತು. ಓವನ್ ಡಯಲ್ ಕೂಡ 15-20 ಡಿಗ್ರಿ ಸುಳ್ಳು ಹೇಳುತ್ತಿತ್ತು ಅಂತ ಥರ್ಮೋಕಪಲ್ ಇಟ್ಟ ಮೇಲೆ ಗೊತ್ತಾಯಿತು.

ಕೊನೆಗೆ ಕೈ ಹಿಡಿದದ್ದು ಪುಡಿ ಉಪ್ಪು. ಚೆನ್ನಾಗಿ ಒಣಗಿಸಿ, ನುಣ್ಣಗೆ ಅರೆದು, ಲೋಹದ ಡಬ್ಬಿಯಲ್ಲಿ ಬ್ರಾಕೆಟ್ ಸುತ್ತ ಒತ್ತಿ ತುಂಬಿದೆ. ತೂತುಗಳ ಒಳಗೂ ತುಂಬಬೇಕು. ವಸ್ತು ರಬ್ಬರ್ ಆಗಿರುವ ಹೊತ್ತಿನಲ್ಲಿ ಉಪ್ಪು ಅದನ್ನು ಹಿಡಿದುಕೊಳ್ಳುತ್ತದೆ. ಡಬ್ಬಿಯ ನಡುವಿಗೆ ಬಿಸಿ ಮುಟ್ಟಲು ಹೊತ್ತು ಹಿಡಿಯುವುದರಿಂದ ಒಟ್ಟು ಎರಡೂವರೆ ಗಂಟೆ ಇಟ್ಟೆ, ಓವನ್ ಒಳಗೇ ಆರಲು ಬಿಟ್ಟೆ. ಆದರೂ ಉದ್ದದಲ್ಲಿ ಶೇ 2ರಷ್ಟು ಕುಗ್ಗಿತು, ಎತ್ತರ ಸ್ವಲ್ಪ ಬೆಳೆಯಿತು. ಫೈಲ್‌ನಲ್ಲಿ ಯಾವ ಕಡೆ ಎಷ್ಟು ಹಿಗ್ಗಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಳಗೆ ಹರಳು ಕಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ಅದೇ ಸ್ಪೂಲ್‌ನಿಂದ, ಬಣ್ಣವಿಲ್ಲದ ಪಾರದರ್ಶಕ ಪಿಎಲ್‌ಎಯ ತೆಳು ಪಟ್ಟಿಯೊಂದನ್ನು ಬ್ರಾಕೆಟ್ ಪಕ್ಕದಲ್ಲೇ ಹೂಳುತ್ತೇನೆ. ಹಾಕುವಾಗ ಅದರ ಮೂಲಕ ಅಕ್ಷರ ಓದಬಹುದು. ತೆಗೆದಾಗ ಹಾಲಿನಂತೆ ಬೆಳ್ಳಗಾಗಿದ್ದರೆ ಕೆಲಸ ಆಯಿತು ಅಂತ ಅರ್ಥ. ಹರಳಿನ ಗುಂಡು ಗೊಂಚಲುಗಳು ಬೆಳಕಿನ ಅಲೆಗಿಂತ ದೊಡ್ಡದಾಗಿ ಬೆಳೆದು ಬೆಳಕನ್ನು ಚದುರಿಸುತ್ತವೆ. ಸುಮ್ನೆ ಕುತೂಹಲಕ್ಕೆ ಇನ್ನೊಂದು ಪಟ್ಟಿಯನ್ನು 80 ಡಿಗ್ರಿ ನೀರಿನಲ್ಲಿ ಮೆತ್ತಗೆ ಮಾಡಿ ನಾಲ್ಕು ಪಟ್ಟು ಎಳೆದು, ಹಿಡಿದುಕೊಂಡೇ ಆರಿಸಿದೆ. ಅದು ಮತ್ತೆ ಬಿಸಿ ಮಾಡಿದರೂ ಅಷ್ಟಾಗಿ ಬೆಳ್ಳಗಾಗಲಿಲ್ಲ. ಎಳೆದಾಗ ಹುಟ್ಟುವ ಹರಳು ತೀರಾ ಸಣ್ಣದು, ಬೆಳಕನ್ನು ತಡೆಯುವುದಿಲ್ಲ. ಹರಳು ಅಂದರೆ ಬಿಳುಪು ಅಂತಲೇ ತಿಳಿದವರಿಗೆ ಇದನ್ನು ತೋರಿಸುತ್ತೇನೆ.

ಲ್ಯಾಬ್‌ನಲ್ಲಿರುವ ಗೆಳೆಯರೊಬ್ಬರು ಎರಡು ತುಣುಕನ್ನು ಡಿಎಸ್‌ಸಿಗೆ, ಅಂದರೆ ಬಿಸಿ ಮಾಡುತ್ತಾ ವಸ್ತು ಹೀರುವ ಮತ್ತು ಬಿಡುವ ಶಾಖ ಅಳೆಯುವ ಯಂತ್ರಕ್ಕೆ, ಹಾಕಿಕೊಟ್ಟರು. ಪ್ರಿಂಟ್ ಆದ ಹಾಗೇ ಇದ್ದದ್ದರಲ್ಲಿ ಕರಗುವ ಶಾಖ ಗ್ರಾಂಗೆ 36 ಜೂಲ್‌ನಷ್ಟು, ಆದರೆ ಅದರಲ್ಲಿ ಸುಮಾರು 30 ಜೂಲ್ ಯಂತ್ರದೊಳಗೆ ಬಿಸಿಯಾಗುವಾಗಲೇ ಕಟ್ಟಿದ ಹರಳಿನದು. ಅದನ್ನು ಕಳೆಯಲೇಬೇಕು. ಪೂರ್ತಿ ಹರಳಾದ ಪಿಎಲ್‌ಎಗೆ ಗ್ರಾಂಗೆ 93 ಜೂಲ್ ಅಂತ ಹಿಡಿದರೆ:

(36 − 30) / 93 ≈ 6%

ಉಪ್ಪಿನಿಂದ ತೆಗೆದದ್ದರಲ್ಲಿ ಕಳೆಯಲು ಏನೂ ಇರಲಿಲ್ಲ. 40 / 93, ಅಂದರೆ ಶೇ 43. ಕರಗುವ ಜಾಗ ಹೆಚ್ಚೂಕಮ್ಮಿ ಅಲ್ಲೇ ಇತ್ತು. ಗ್ರಾಫ್‌ನಲ್ಲಿ ಗ್ಲಾಸ್ ಟ್ರಾನ್ಸಿಷನ್ ತೋರಿಸುವ 60ರ ಮೆಟ್ಟಿಲು ಕೂಡ ಮಾಯವಾಗಿರಲಿಲ್ಲ, ಚಿಕ್ಕದಾಗಿತ್ತು ಅಷ್ಟೇ.

ಹಾಗಾಗಿ ಕೋಣೆಯ ಬಿಸಿಯಲ್ಲಿ ಎರಡೂ ಪಟ್ಟಿ ಕೈಗೆ ಒಂದೇ ಥರ ಗಟ್ಟಿ. 80ರಲ್ಲಿ ತುದಿಗೆ 100 ಗ್ರಾಂ ತೂಗಿಬಿಟ್ಟರೆ ವ್ಯತ್ಯಾಸ ಕಾಣುತ್ತದೆ. ಪಾರದರ್ಶಕ ಪಟ್ಟಿ ಒದ್ದೆ ಕಾಗದದ ಹಾಗೆ ಜೋತುಬಿತ್ತು, ಬಿಳಿಯದ್ದು ಒಂದೆರಡು ಮಿಲಿಮೀಟರ್ ಬಾಗಿ ನಿಂತಿತು. ಹರಳಿಲ್ಲದ ಭಾಗ ಮೆತ್ತಗಾದರೂ ಹರಳುಗಳು ಅದನ್ನು ಕಟ್ಟಿ ಹಿಡಿದಿರುತ್ತವೆ.

ಒಂದು ಸ್ಪೂಲ್ ಮಾತ್ರ ನನಗೆ ಚೆನ್ನಾಗಿ ಕೈಕೊಟ್ಟಿತು. ಮೂರು ಗಂಟೆ ಇಟ್ಟರೂ ಪಟ್ಟಿ ಗಾಜಿನಂತೆಯೇ ಹೊರಬಂತು. ಮಾರಿದವರು ನನ್ನ ಓವನ್ನೇ ಸರಿಯಿಲ್ಲ ಅಂದರು. ಡಿಎಸ್‌ಸಿ ಮಾಡಿಸಿದರೆ ಕರಗುವ ಗುಡ್ಡವೇ ಇಲ್ಲ! ಸರಪಳಿಯಲ್ಲಿ ಡಿ-ಲ್ಯಾಕ್ಟೈಡ್ ಅನ್ನುವ ಘಟಕದ ಪಾಲು ಜಾಸ್ತಿ ಇರುವ ದರ್ಜೆ ಅದು. ಸರಪಳಿಗಳು ಸಾಲಾಗಿ ಕೂರುವುದೇ ಇಲ್ಲ, ಎಷ್ಟು ಹೊತ್ತು ಬೇಯಿಸಿದರೂ ಅಷ್ಟೇ. ಈಗ ಹೊಸ ಸ್ಪೂಲ್ ಬಂದರೆ ಮೊದಲು ಒಂದು ಪಟ್ಟಿಯನ್ನಷ್ಟೇ ಓವನ್‌ಗೆ ಹಾಕುತ್ತೇನೆ. ಹರಳುಗಟ್ಟಿದ ಬ್ರಾಕೆಟ್ ಮೇಜಿನಿಂದ ಬಿದ್ದರೆ ಬೇಗ ಒಡೆಯುತ್ತದೆ, ಅದಕ್ಕೇ ಕ್ಲಿಪ್‌ಗಳನ್ನು ಹೀಗೆ ಮಾಡಲು ಹೋಗುವುದಿಲ್ಲ.