ಆರ್ಡರ್ ಸಿಕ್ಕ ಸುದ್ದಿ ತಂಡಕ್ಕೆ ಹೀಗೆ ಹೇಳಿ

ದೊಡ್ಡ ಆರ್ಡರ್ ಸಿಕ್ಕಾಗ ಗ್ರೂಪಿನಲ್ಲಿ ಸುಮ್ನೆ 'ಎಲ್ಲರಿಗೂ ಥ್ಯಾಂಕ್ಸ್' ಎಂದು ಹಾಕಬೇಡಿ. ಯಾರ ಯಾವ ಕೆಲಸದಿಂದ ಅದು ಬಂತು, ಮುಂದೆ ಯಾರು ಏನನ್ನು ಯಾವಾಗ ಮಾಡಬೇಕು, ಎರಡನ್ನೂ ಒಂದೇ ಮೆಸೇಜಿನಲ್ಲಿ ಬರೆಯಿರಿ. ಮಡಿಕೇರಿಯ ನಮ್ಮ ಕಾಫಿ ಯೂನಿಟ್ಟಿನಲ್ಲಿ ಹೀಗೆ ಹಾಕುತ್ತೇವೆ: '2 ಟನ್ ಹುರಿದ ಅರೇಬಿಕಾ ಆರ್ಡರ್ ನಮ್ಮದಾಯಿತು. ಕಪ್ಪು ಬೀಜ ಒಂದೂ ಉಳಿಯದಂತೆ ಆರಿಸಿದ ಅಕ್ಕಂದಿರಿಂದಲೇ ಸ್ಯಾಂಪಲ್ ಪಾಸಾಯಿತು. ಹುರಿದರೆ ತೂಕ ಇಳಿಯುತ್ತದೆ, ಹಾಗಾಗಿ 2,400 ಕೆ.ಜಿ. ಬೀಜ ಬೇಕು. ಸ್ಟೋರಿನವರು ಸೋಮವಾರದೊಳಗೆ ಸ್ಟಾಕ್ ನೋಡಿ ತಿಳಿಸಿ.' ಮಾಡಿದ ಕೆಲಸವನ್ನೇ ಹೆಸರಿಸಿದರೆ ಮೆಚ್ಚುಗೆ ನಿಜ ಅನಿಸುತ್ತದೆ, ಮುಂದಿನ ಲಾಟಿನಲ್ಲೂ ಆ ಕೆಲಸ ಹಾಗೇ ಆಗುತ್ತದೆ. ಆದರೆ ಲಿಖಿತ ಆರ್ಡರ್, ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೇಳಿದರೆ ಎಡವಟ್ಟಾಗುತ್ತದೆ. ಬೀಜ ಆರಿಸುವವರು ವಾಟ್ಸಾಪ್ ನೋಡದಿದ್ದರೆ, ಟೀ ಹೊತ್ತಿನಲ್ಲಿ ಎದುರೇ ಹೋಗಿ ಹೇಳಿ.