ತೆಂಗಿನಕಾಯಿ ಕಡಿಮೆಯಾದ ಗಸಿ, ನಿಲ್ಲದ ಗೋಳಿಬಜೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಐದು ಜನ. ಮಾವನವರಿಗೆ ಎಪ್ಪತ್ತೊಂದು ವರ್ಷ. ಊರು ಕುಂದಾಪುರದ ಕಡೆ. ಕಳೆದ ವರ್ಷ ಅವರ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 158 ಬಂದಾಗ, ಮೂರು ತಿಂಗಳು ಊಟ ಬದಲಿಸಿ ನೋಡೋಣ, ಮಾತ್ರೆಯ ವಿಚಾರ ಆಮೇಲೆ ಎಂದು ಡಾಕ್ಟರು ಹೇಳಿದರು. ನಾನು ಮೊದಲು ಮಾಡಿದ ಕೆಲಸವೆಂದರೆ ಭಾನುವಾರದ ಗೋಳಿಬಜೆಯನ್ನು ನಿಲ್ಲಿಸಿದ್ದು. ಅದು ತಪ್ಪು ಜಾಗದಲ್ಲಿ ಕೈಹಾಕಿದ್ದು ಎಂದು ತಿಳಿಯಲು ಎರಡು ವಾರ ಹಿಡಿಯಿತು.

ಆಹಾರ ತಜ್ಞೆಯೊಬ್ಬರು, ಮಾವನವರಿಗೆ ದಿನಕ್ಕೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 13 ಗ್ರಾಮಿನೊಳಗೆ ಇರಲಿ ಎಂದಿದ್ದರು. ಎಲ್‌ಡಿಎಲ್ ಏರಿಸುವುದರಲ್ಲಿ ಈ ಕೊಬ್ಬಿನದೇ ಮುಖ್ಯ ಪಾತ್ರ. ಆದ್ದರಿಂದ ಒಂದು ಭಾನುವಾರ ಅಡುಗೆ ತಕ್ಕಡಿಯಲ್ಲಿ ಸೂರ್ಯಕಾಂತಿ ಎಣ್ಣೆಯನ್ನು ಕರಿಯುವ ಮೊದಲು ಮತ್ತು ಆರಿದ ನಂತರ ತೂಗಿದೆ. 400 ಗ್ರಾಂ ಇದ್ದದ್ದು 345 ಆಗಿತ್ತು. ಅಂದರೆ ಇಪ್ಪತ್ತೈದು ಬಜೆಗಳಿಗೆ, ಕಾಗದಕ್ಕೆ ಅಂಟಿದ್ದನ್ನೂ ಸೇರಿಸಿ, 55 ಗ್ರಾಂ ಎಣ್ಣೆ. ಮಾವ ತಿಂದ ಆರು ಬಜೆಗಳಲ್ಲಿ ಸುಮಾರು 13 ಗ್ರಾಂ ಎಣ್ಣೆ. ಅದರಲ್ಲಿ ಸ್ಯಾಚುರೇಟೆಡ್ ಭಾಗ ಒಂದೂವರೆ ಗ್ರಾಂ ಅಷ್ಟೇ. ಆದರೆ ಹೆಚ್ಚುಕಡಿಮೆ ದಿನವೂ ಮಾಡುವ ಗಸಿಗೆ ನಾನು ಅರ್ಧ ಕಾಯಿ, ಅಂದರೆ 150 ಗ್ರಾಂ ತುರಿ, ಹಾಕುತ್ತಿದ್ದೆ. ಹಸಿ ಕಾಯಿಯ ನೂರು ಗ್ರಾಮಿನಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿರುತ್ತದೆ. ಹಾಗಾಗಿ ಗಸಿಯೊಂದರಿಂದಲೇ ಅವರ ಪಾಲಿಗೆ ಒಂಬತ್ತು ಗ್ರಾಂ ಬರುತ್ತಿತ್ತು. ಅದರ ಮೇಲೆ ಸಂಜೆಯ ಚಹಾದೊಂದಿಗೆ ಅಂಗಡಿಯ ಫರಸಾಣ. ಪೊಟ್ಟಣ ತಿರುಗಿಸಿ ಓದಿದರೆ ಪಾಮೋಲಿನ್ ಎಂದಿತ್ತು, ಅದರಲ್ಲಿ ಸ್ಯಾಚುರೇಟೆಡ್ ಭಾಗ ಸೂರ್ಯಕಾಂತಿಗಿಂತ ಮೂರು ಪಟ್ಟಿಗೂ ಹೆಚ್ಚು.

ಗಸಿಯನ್ನು ಸರಿಪಡಿಸುವುದು ಸುಲಭವಾಗಲಿಲ್ಲ. ಮೊದಲ ಸಲ ಕಾಯಿಯನ್ನಷ್ಟೇ ಕಡಿಮೆ ಮಾಡಿದೆ. ರಸ ನೀರಾಯಿತು, ಖಾರ ಮತ್ತು ಹುಳಿ ಎರಡೂ ನಾಲಗೆಗೆ ಹೊಡೆದವು. "ಇದೆಂತ ಮಗಾ, ಆಸ್ಪತ್ರೆ ಊಟವಾ?" ಎಂದು ಮಾವ ಎರಡು ತುತ್ತಿಗೆ ಕೈ ತೊಳೆದರು. ಎರಡನೆಯ ಸಲ ಕಾಯಿಯ ಬದಲಿಗೆ ಮೊಸರು ಹಾಕಿದೆ. ಹುಣಸೆಯ ರಸ ಕುದಿಯುತ್ತಿದ್ದಾಗ ಹಾಕಿದ್ದರಿಂದ ಅದು ಒಡೆದು ಮೊಸರಿನ ಚೂರುಗಳು ತೇಲಿದವು. ಆಗ ನನಗೆ ಹೊಳೆದದ್ದೇನೆಂದರೆ, ಗಸಿಯಲ್ಲಿ ಕಾಯಿ ಮೂರು ಕೆಲಸ ಮಾಡುತ್ತದೆ: ದಪ್ಪ ಕೊಡುತ್ತದೆ, ಖಾರ-ಹುಳಿಯನ್ನು ಮೆದುಗೊಳಿಸುತ್ತದೆ, ಪರಿಮಳವನ್ನು ಹಿಡಿದಿಡುತ್ತದೆ. ಒಂದೊಂದಕ್ಕೂ ಬೇರೆ ಬೇರೆ ದಾರಿ ಹುಡುಕಬೇಕಿತ್ತು.

ಈಗ ಅಲಸಂಡೆ ಕಾಳಿನ ಗಸಿಗೆ ಬೆಂದ ಕಾಳಿನಿಂದಲೇ ನಾಲ್ಕು ಚಮಚದಷ್ಟು ತೆಗೆದು ಮಸಾಲೆಯ ಜೊತೆ ನುಣ್ಣಗೆ ರುಬ್ಬುತ್ತೇನೆ; ದಪ್ಪ ಅದರಿಂದ ಬರುತ್ತದೆ. ಸಿಹಿಗಾಗಿ ಒಂದು ಈರುಳ್ಳಿಯನ್ನು ಒಂದು ಚಮಚ ಶೇಂಗಾ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವ ತನಕ ಬಾಡಿಸಿ ರುಬ್ಬಲು ಸೇರಿಸುತ್ತೇನೆ, ಬ್ಯಾಡಗಿ ಮೆಣಸು ಎಂಟರ ಬದಲು ಆರು, ಹುಣಸೆ ಮೊದಲಿನ ಅರ್ಧ. ಕಾಯಿ 30 ಗ್ರಾಂ ಮಾತ್ರ, ಆದರೆ ಅದನ್ನು ಹಸಿಯಾಗಿ ಹಾಕದೆ ಎಣ್ಣೆಯಿಲ್ಲದ ಬಾಣಲೆಯಲ್ಲಿ ಕೆಂಪಗೆ ಹುರಿಯುತ್ತೇನೆ. ಹುರಿದ ಕಾಯಿ ಸ್ವಲ್ಪವಿದ್ದರೂ ಮನೆಯೆಲ್ಲ ಘಮ್ಮೆನ್ನುತ್ತದೆ. ಕಪ್ಪಾಗಲು ಬಿಟ್ಟರೆ ಮಾತ್ರ ಇಡೀ ಪಾತ್ರೆ ಕಹಿಯಾಗುತ್ತದೆ. ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆಯನ್ನು ಇಳಿಸುವ ಹೊತ್ತಿಗೆ ಹಾಕುತ್ತೇನೆ. ಹೀಗೆ ಮಾಡಿದ ಮೂರನೆಯ ದಿನ ಮಾವ ಏನೂ ಹೇಳದೆ ಎರಡನೆಯ ಸಲ ಬಡಿಸಿಕೊಂಡರು.

ಗೋಳಿಬಜೆ ಭಾನುವಾರಕ್ಕೆ ಮರಳಿತು, ತಲಾ ನಾಲ್ಕು. ಗುಳಿಯಪ್ಪದ ಕಾವಲಿಯಲ್ಲಿ ಮಾಡಿ ನೋಡಿದ್ದೆ, ಗರಿಗರಿಯಿಲ್ಲದ ಅದನ್ನು ಬಜೆ ಎಂದು ಕರೆಯಲು ನನಗೇ ಮನಸ್ಸಾಗಲಿಲ್ಲ. ಹಿಟ್ಟು ತೆಳುವಾದರೆ, ಸೋಡಾ ಜಾಸ್ತಿಯಾದರೆ, ಎಣ್ಣೆ ಕಾಯದಿದ್ದರೆ ಬಜೆ ಎಣ್ಣೆ ಕುಡಿಯುತ್ತದೆ. ಒಂದು ತೊಟ್ಟು ಹಿಟ್ಟು ಬಿಟ್ಟಾಗ ತಳದಲ್ಲಿ ನಿಲ್ಲದೆ ಕೂಡಲೇ ಮೇಲೇರಬೇಕು. ಉಳಿದ ಎಣ್ಣೆಯಲ್ಲಿ ಮತ್ತೆ ಕರಿಯುವುದಿಲ್ಲ, ಎರಡು ದಿನದೊಳಗೆ ಒಗ್ಗರಣೆಗೆ ಬಳಸುತ್ತೇನೆ. ಫರಸಾಣದ ಜಾಗಕ್ಕೆ ಪಕ್ಕದ ಮನೆಯ ಮರಾಠಿ ಕಾಕು ಕಲಿಸಿದ ಕೋಥಿಂಬೀರ್ ವಡಿ ಬಂದಿದೆ: ಕೊತ್ತಂಬರಿ ಸೊಪ್ಪನ್ನು ಕಡಲೆಹಿಟ್ಟಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸಿ, ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಮಾಡುವುದು. ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ.

ಮೂರು ತಿಂಗಳ ನಂತರ ಎಲ್‌ಡಿಎಲ್ 134 ಬಂತು. ಅವರ ವಯಸ್ಸು ಮತ್ತು ರಕ್ತದೊತ್ತಡ ನೋಡಿದರೆ ಅಷ್ಟು ಸಾಲದು ಎಂದು ಡಾಕ್ಟರು ಕಡಿಮೆ ಪ್ರಮಾಣದ ಮಾತ್ರೆಯನ್ನೂ ಆರಂಭಿಸಿದರು. ಊಟ ಹೀಗೇ ಮುಂದುವರಿಯಲಿ ಎಂದರು. ಮಾವ ಈಗ ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಶನಿವಾರ ಸಂಜೆ ಗೋಳಿಬಜೆಯ ಮೊಸರು ಹುಳಿಯಾಗಿದೆಯೇ ಎಂದು ತಾವೇ ಮುಚ್ಚಳ ತೆಗೆದು ನೋಡುತ್ತಾರೆ.